ವಿನ್ ರೇಟ್ 42%, ರಿಸ್ಕ್ ರಿವಾರ್ಡ್ 1:2. ಆದರೂ ಅಕೌಂಟ್ ಯಾಕೆ ಬೆಳೀತಿಲ್ಲ? ಎಕ್ಸ್‌ಪೆಕ್ಟೆನ್ಸಿ ಲೆಕ್ಕ, ಹಂತ ಹಂತವಾಗಿ

ಗೆಳೆಯರೊಬ್ಬರು ತಮ್ಮ 50 ಟ್ರೇಡ್‌ಗಳ ಪಟ್ಟಿ ತೋರಿಸಿ ಒಂದು ಪ್ರಶ್ನೆ ಕೇಳಿದರು. "ನೂರಕ್ಕೆ 42 ಟ್ರೇಡ್ ಗೆಲ್ತೀನಿ. ಟಾರ್ಗೆಟ್ ಯಾವಾಗಲೂ ಸ್ಟಾಪ್ ಲಾಸ್‌ನ ಎರಡರಷ್ಟು ಇಡ್ತೀನಿ. ಲೆಕ್ಕದ ಪ್ರಕಾರ ಚೆನ್ನಾಗಿ ಲಾಭ ಬರಬೇಕು. ಅಕೌಂಟ್ ನೋಡಿದ್ರೆ ಇದ್ದಲ್ಲೇ ಇದೆ. ಎಲ್ಲಿ ಹೋಗ್ತಿದೆ?"

ಅವರ ಲೆಕ್ಕ ತಪ್ಪೇನಲ್ಲ. 50ರಲ್ಲಿ 42% ಅಂದರೆ 21 ಗೆಲುವು, 29 ಸೋಲು. ಗೆದ್ದಾಗ 2, ಸೋತಾಗ 1 ಅಂತಿಟ್ಟುಕೊಂಡರೆ 42 ಬಂತು, 29 ಹೋಯಿತು, 13 ಉಳಿಯಿತು. ಒಂದು ಟ್ರೇಡ್‌ನಲ್ಲಿ ನೀವು ಕಳೆದುಕೊಳ್ಳಲು ತಯಾರಿರುವ ಮೊತ್ತದ 13 ಪಟ್ಟು ಲಾಭ ಇರಬೇಕಿತ್ತು. ನಿಜವಾಗಿ ಉಳಿದಿದ್ದು 3.5 ಪಟ್ಟು ಮಾತ್ರ. ಈ ಬರಹದಲ್ಲಿ ಅದೇ ಪಟ್ಟಿಯನ್ನು ಹಿಡಿದು ಆ 9.5 ಎಲ್ಲಿ ಸೋರಿತು ಅಂತ ಹುಡುಕೋಣ. ಉಳಿದ 3.5 ನಂಬಬಹುದಾದ ಲಾಭವೇ, ಅದರ ಮೇಲೆ ದುಡ್ಡು ಹಾಕಬಹುದೇ ಅಂತಲೂ ನೋಡೋಣ. ನಿಮ್ಮ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿದರೆ ಜಾಸ್ತಿ ಉಪಯೋಗ.

ಹಂತ 1: ಪ್ರತಿ ಟ್ರೇಡನ್ನೂ ಒಂದೇ ಅಳತೆಗೆ ತನ್ನಿ

ದುಡ್ಡಿನ ಲೆಕ್ಕದಲ್ಲೇ ಸರಾಸರಿ ತೆಗೆದರೆ ದಾರಿ ತಪ್ಪುತ್ತದೆ. ಒಂದು ದಿನ ನೂರು ಷೇರು, ಇನ್ನೊಂದು ದಿನ ಸಾವಿರ ಷೇರು ತೆಗೆದುಕೊಂಡಿದ್ದರೆ ಆ ದೊಡ್ಡ ಟ್ರೇಡ್ ಒಂದೇ ಇಡೀ ಸರಾಸರಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ನೀವು ಅಳೆಯುತ್ತಿರುವುದು ನಿಮ್ಮ ಪದ್ಧತಿಯನ್ನಲ್ಲ, ಆ ದಿನದ ನಿಮ್ಮ ಧೈರ್ಯವನ್ನು.

ಅದಕ್ಕೇ ಟ್ರೇಡರ್‌ಗಳು ಆರ್ ಅನ್ನುವ ಅಳತೆ ಬಳಸುತ್ತಾರೆ. ಎಂಟ್ರಿ ತೆಗೆದುಕೊಳ್ಳುವಾಗ ಸ್ಟಾಪ್ ಲಾಸ್ ಎಷ್ಟು ದೂರ ಇತ್ತೋ ಅದು 1 ಆರ್. 500ಕ್ಕೆ ಕೊಂಡು 495ಕ್ಕೆ ಸ್ಟಾಪ್ ಇಟ್ಟರೆ 1 ಆರ್ ಅಂದರೆ 5. ಅದನ್ನು 507.5ಕ್ಕೆ ಮಾರಿದರೆ ಲಾಭ 7.5, ಅಂದರೆ 1.5 ಆರ್. 493.5ಕ್ಕೆ ಹೊರಬಿದ್ದರೆ ನಷ್ಟ 6.5, ಅಂದರೆ 1.3 ಆರ್.

ಇಲ್ಲಿ ಒಂದು ನಿಯಮ ಮುರಿಯಬೇಡಿ. ಆರ್ ಯಾವಾಗಲೂ ಎಂಟ್ರಿ ಸಮಯದ ಸ್ಟಾಪ್‌ನಿಂದಲೇ ಬರಬೇಕು. ಬೆಲೆ ಕೆಳಗೆ ಬಂತು ಅಂತ ಸ್ಟಾಪ್ ಅನ್ನು 490ಕ್ಕೆ ಸರಿಸಿ, ಅಲ್ಲಿ ನಷ್ಟ ಮಾಡಿಕೊಂಡು, ಅದನ್ನು 1 ಆರ್ ಅಂತ ಬರೆದುಕೊಳ್ಳುವವರಿದ್ದಾರೆ. ಅದು 2 ಆರ್ ನಷ್ಟ. ಹೀಗೆ ಬರೆದರೆ ಪಟ್ಟಿಯಲ್ಲಿ ಎಲ್ಲ ನಷ್ಟವೂ ಚೊಕ್ಕವಾಗಿ 1 ಅಂತ ಕಾಣುತ್ತದೆ, ಅಕೌಂಟ್ ಮಾತ್ರ ಬೇರೆ ಕಥೆ ಹೇಳುತ್ತದೆ.

ಇನ್ನೊಂದು, ಇನ್ನೂ ಮುಗಿಯದ ಟ್ರೇಡ್‌ಗಳು. ಲಾಭದವನ್ನು ಬೇಗ ಮಾರಿ, ನಷ್ಟದವನ್ನು "ವಾಪಸ್ ಬರುತ್ತೆ" ಅಂತ ಇಟ್ಟುಕೊಂಡಿದ್ದರೆ ಪಟ್ಟಿಯಲ್ಲಿ ಗೆಲುವುಗಳೇ ತುಂಬಿರುತ್ತವೆ. ಲೆಕ್ಕ ಹಾಕುವ ದಿನ ತೆರೆದಿರುವ ಟ್ರೇಡ್‌ಗಳನ್ನೂ ಆ ದಿನದ ಬೆಲೆಗೆ ಮುಗಿಸಿದ ಹಾಗೆ ಸೇರಿಸಿ.

ಹಂತ 2: ಅಂದುಕೊಂಡ ರೇಶಿಯೋ ಬಿಡಿ, ಆದದ್ದನ್ನು ಬರೆಯಿರಿ

ಗೆಳೆಯರ ಪಟ್ಟಿ ಆರ್ ಲೆಕ್ಕಕ್ಕೆ ಬಂದ ಮೇಲೆ ಹೀಗಿತ್ತು.

ಗೆಲುವುಗಳು 21. ಅದರಲ್ಲಿ 6 ಟ್ರೇಡ್ ಮಾತ್ರ ಅಂದುಕೊಂಡ 2 ಆರ್ ಕೊಟ್ಟವು. 8 ಟ್ರೇಡ್‌ಗಳಲ್ಲಿ ಟಾರ್ಗೆಟ್‌ಗೆ ಸ್ವಲ್ಪ ಮುಂಚೆ, 1.5 ಆರ್‌ಗೆ ಹೊರಬಂದಿದ್ದರು. 5 ಟ್ರೇಡ್‌ಗಳಲ್ಲಿ ಹೆದರಿ 0.5 ಆರ್‌ಗೇ ಮುಗಿಸಿದ್ದರು. ಒಂದು ಟ್ರೇಡ್ ಟಾರ್ಗೆಟ್ ದಾಟಿ 4.5 ಆರ್ ಕೊಟ್ಟಿತ್ತು, ಇನ್ನೊಂದು 7 ಆರ್. ಒಟ್ಟು 38 ಆರ್. 21ರಿಂದ ಭಾಗಿಸಿದರೆ ಸರಾಸರಿ ಗೆಲುವು 1.81 ಆರ್.

ಸೋಲುಗಳು 29. 22 ಟ್ರೇಡ್ ಸರಿಯಾಗಿ 1 ಆರ್‌ಗೆ ಮುಗಿದವು. 2 ಟ್ರೇಡ್ 0.4 ಆರ್‌ನಲ್ಲೇ ನಿಂತವು. 4 ಟ್ರೇಡ್‌ಗಳಲ್ಲಿ ನಷ್ಟ 1.3 ಆರ್‌ಗೆ ಹೋಗಿತ್ತು. ಒಂದರಲ್ಲಿ ಮಾರುಕಟ್ಟೆ ಗ್ಯಾಪ್ ಆಗಿ ತೆರೆದು, ಸ್ಟಾಪ್ ಅನ್ನು ಹಾರಿಕೊಂಡು ಹೋಗಿ 2.5 ಆರ್ ನಷ್ಟ. ಒಟ್ಟು 30.5 ಆರ್. ಸರಾಸರಿ ಸೋಲು 1.05 ಆರ್.

ಅಲ್ಲಿಗೆ ನಿಜವಾದ ರೇಶಿಯೋ 2 ಅಲ್ಲ. 1.81 ಅನ್ನು 1.05ರಿಂದ ಭಾಗಿಸಿದರೆ 1.72. ಟಾರ್ಗೆಟ್ ಅನ್ನೋದು ಆಸೆ, ಸರಾಸರಿ ಅನ್ನೋದು ನಡೆದದ್ದು. ಅಂದುಕೊಂಡ ರಿಸ್ಕ್ ರಿವಾರ್ಡನ್ನೇ ಸೂತ್ರಕ್ಕೆ ಹಾಕುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಇಲ್ಲಿ ಅದೊಂದರಿಂದಲೇ 13 ಆರ್ ಇದ್ದದ್ದು 7.5ಕ್ಕೆ ಇಳಿಯಿತು.

ಹಂತ 3: ಎಕ್ಸ್‌ಪೆಕ್ಟೆನ್ಸಿ

ಸೂತ್ರ ಸರಳ.

```
ಎಕ್ಸ್‌ಪೆಕ್ಟೆನ್ಸಿ = (ವಿನ್ ರೇಟ್ × ಸರಾಸರಿ ಗೆಲುವು) − (ಲಾಸ್ ರೇಟ್ × ಸರಾಸರಿ ಸೋಲು)
             = (0.42 × 1.81) − (0.58 × 1.05)
             = 0.76 − 0.61
             = 0.15 ಆರ್
```

ಒಂದು ಟ್ರೇಡ್‌ಗೆ ಸರಾಸರಿ 0.15 ಆರ್ ಲಾಭ ಅಂತ ಅರ್ಥ. 50ರಿಂದ ಗುಣಿಸಿದರೆ 7.5 ಆರ್. ಇಡೀ ಕಾಲಮ್‌ನ ಸರಾಸರಿ ತೆಗೆದರೂ ಇದೇ ಸಂಖ್ಯೆ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ತಿಳಿಯಿರಿ. ಸಾಮಾನ್ಯವಾಗಿ ಲಾಭವೂ ಇಲ್ಲದ ನಷ್ಟವೂ ಇಲ್ಲದ ಟ್ರೇಡ್‌ಗಳನ್ನು ಎರಡೂ ಕಡೆಯಿಂದ ಬಿಟ್ಟಿರುತ್ತೀರಿ. ಅವನ್ನು ಯಾವುದಾದರೂ ಒಂದೇ ಕಡೆ ಸೇರಿಸಿ. ನಾನು ಸೋಲಿನ ಕಡೆ ಸೇರಿಸುತ್ತೇನೆ.

ಸ್ಪ್ರೆಡ್‌ಶೀಟ್‌ನಲ್ಲಿ ಆರ್ ಫಲಿತಾಂಶಗಳು `E2` ರಿಂದ `E51` ವರೆಗೆ ಇದ್ದರೆ ಇಷ್ಟು ಸಾಕು. ಕ್ರಮವಾಗಿ ವಿನ್ ರೇಟ್, ಸರಾಸರಿ ಗೆಲುವು, ಸರಾಸರಿ ಸೋಲು, ಎಕ್ಸ್‌ಪೆಕ್ಟೆನ್ಸಿ. ಕೊನೆಯದು ಫಲಿತಾಂಶಗಳ ಏರುಪೇರು, ಅದು ಮುಂದೆ ಬೇಕಾಗುತ್ತದೆ.

```
=COUNTIF(E2:E51,">0")/COUNT(E2:E51)
=AVERAGEIF(E2:E51,">0")
=-AVERAGEIF(E2:E51,"<=0")
=AVERAGE(E2:E51)
=STDEV(E2:E51)
```

ಹಂತ 4: ಸೊನ್ನೆಯಿಂದ ನೀವು ಎಷ್ಟು ಟ್ರೇಡ್ ದೂರ?

0.15 ಅಂದರೆ ಒಳ್ಳೆಯದೋ ಕೆಟ್ಟದ್ದೋ? ಸುಮ್ನೆ ಆ ಸಂಖ್ಯೆ ನೋಡಿದರೆ ಗೊತ್ತಾಗುವುದಿಲ್ಲ. ನಾನು ಅದನ್ನು ಬೇರೆ ಪ್ರಶ್ನೆಯಾಗಿ ತಿರುಗಿಸುತ್ತೇನೆ: ಈ ರೇಶಿಯೋಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವ ಮಟ್ಟದಲ್ಲಿ ಇರಲು ಎಷ್ಟು ವಿನ್ ರೇಟ್ ಬೇಕು?

```
ಬ್ರೇಕ್ ಈವನ್ ವಿನ್ ರೇಟ್ = 1 ÷ (1 + ರೇಶಿಯೋ) = 1 ÷ 2.72 = 36.8%
```

ಗೆಳೆಯರ ವಿನ್ ರೇಟ್ 42%. ಬೇಕಿರುವುದು 36.8%. ನಡುವಿನ ಅಂತರ 5.2%. ಈ ಪದ್ಧತಿಯ ಲಾಭವೆಲ್ಲ ಇರುವುದು ಆ ಅಂತರದಲ್ಲೇ. 42ರಲ್ಲೂ ಇಲ್ಲ, 1.72ರಲ್ಲೂ ಇಲ್ಲ.

ಈಗ ಆ ಅಂತರವನ್ನು ಟ್ರೇಡ್‌ಗಳಾಗಿ ಎಣಿಸಿ. 50 ಟ್ರೇಡ್‌ನ 36.8% ಅಂದರೆ 18.4. ಅವರು ಗೆದ್ದದ್ದು 21. ಅಂದರೆ ಗೆದ್ದ ಟ್ರೇಡ್‌ಗಳಲ್ಲಿ ಬರೀ ಮೂರು ಸೋತಿದ್ದರೆ ಇಡೀ ಲಾಭ ಮಾಯವಾಗಿ ಸಣ್ಣ ನಷ್ಟ ಉಳಿಯುತ್ತಿತ್ತು. ಮೂರೇ ಮೂರು. ಇದನ್ನು ಹೇಳಿದಾಗ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಾದರು. "0.15 ಆರ್" ಅಂದಾಗ ಅವರಿಗೆ ಏನೂ ಅನ್ನಿಸಿರಲಿಲ್ಲ.

ವಿನ್ ರೇಟ್ ಒಂದನ್ನೇ ನೋಡುವವರಿಗೂ ಈ ಲೆಕ್ಕ ಉತ್ತರ ಕೊಡುತ್ತದೆ. ನೂರಕ್ಕೆ 90 ಗೆಲ್ಲುವ ಪದ್ಧತಿ ಇದೆ ಅನ್ನಿ. ಗೆದ್ದಾಗ 0.2 ಆರ್, ಸೋತಾಗ 2.5 ಆರ್. ರೇಶಿಯೋ 0.08. ಬ್ರೇಕ್ ಈವನ್‌ಗೆ ಬೇಕಾದ ವಿನ್ ರೇಟ್ 92.6%. ಅಂದರೆ 90% ಗೆಲ್ಲುತ್ತಲೇ ಈ ಪದ್ಧತಿ ದುಡ್ಡು ಕಳೆಯುತ್ತದೆ. ದಿನಾ ಗೆಲ್ಲುವುದರಿಂದ ಅದು ಗೊತ್ತಾಗುವುದೂ ತಡವಾಗಿಯೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. "ಹಾಗಾದರೆ ಟಾರ್ಗೆಟ್ ಅನ್ನು 3 ಆರ್‌ಗೆ ಏರಿಸಿದರೆ ರೇಶಿಯೋ ಜಾಸ್ತಿಯಾಗುತ್ತೆ ಅಲ್ವಾ?" ಅಂತ ಅನ್ನಿಸುತ್ತದೆ. ರೇಶಿಯೋ ಜಾಸ್ತಿ ಆಗುತ್ತದೆ, ಆದರೆ ವಿನ್ ರೇಟ್ ಇದ್ದಲ್ಲೇ ಇರುವುದಿಲ್ಲ. ಬೆಲೆ ಯಾವ ದಿಕ್ಕೂ ಇಲ್ಲದೆ ಅಡ್ಡಾದಿಡ್ಡಿ ಅಲೆಯುತ್ತಿದೆ ಅಂತಿಟ್ಟುಕೊಳ್ಳಿ. ಆಗ ಸ್ಟಾಪ್ 1 ದೂರದಲ್ಲಿ, ಟಾರ್ಗೆಟ್ 2 ದೂರದಲ್ಲಿ ಇದ್ದರೆ ಟಾರ್ಗೆಟ್ ಮೊದಲು ಮುಟ್ಟುವ ಸಾಧ್ಯತೆ ಮೂರರಲ್ಲಿ ಒಂದು. ಟಾರ್ಗೆಟ್ 3 ದೂರದಲ್ಲಿ ಇದ್ದರೆ ನಾಲ್ಕರಲ್ಲಿ ಒಂದು. ಮೇಲಿನ ಬ್ರೇಕ್ ಈವನ್ ಸೂತ್ರಕ್ಕೆ 2 ಮತ್ತು 3 ಹಾಕಿ ನೋಡಿ, ಬರುವುದು ಅದೇ ಉತ್ತರ. ಅಂದರೆ ಎಂಟ್ರಿಯಲ್ಲಿ ಸತ್ವ ಇಲ್ಲದಿದ್ದರೆ ಟಾರ್ಗೆಟ್ ಎಲ್ಲಿಗೆ ಸರಿಸಿದರೂ ನೀವು ಸೊನ್ನೆಯಲ್ಲೇ ಇರುತ್ತೀರಿ, ಖರ್ಚು ಸೇರಿದ ಮೇಲೆ ಸೊನ್ನೆಗಿಂತ ಕೆಳಗೆ. ವಿನ್ ರೇಟ್ ಮತ್ತು ರೇಶಿಯೋ ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಯಾವುದೇ ಬದಲಾವಣೆ ಮಾಡಿದ ಮೇಲೆ ನೋಡಬೇಕಾದದ್ದು ಅಂತರ ಹಿಗ್ಗಿತೋ ಕುಗ್ಗಿತೋ ಅನ್ನುವುದನ್ನು ಮಾತ್ರ.

ಹಂತ 5: ಖರ್ಚನ್ನೂ ಆರ್‌ನಲ್ಲೇ ಅಳೆಯಿರಿ

ಇಲ್ಲಿಯವರೆಗಿನ 7.5 ಆರ್ ಖರ್ಚಿಗೆ ಮುಂಚಿನದು. ಬ್ರೋಕರೇಜ್, ತೆರಿಗೆ, ಶುಲ್ಕಗಳು, ಸ್ಪ್ರೆಡ್, ಎಲ್ಲ ಸೇರಿ ಕೊಳ್ಳಲು ಮತ್ತು ಮಾರಲು ಒಟ್ಟು ಬೆಲೆಯ 0.08% ಆಗುತ್ತಿತ್ತು ಅವರಿಗೆ. ನೋಡಲು ಏನೂ ಅಲ್ಲ. 500ರ ಷೇರಿಗೆ 0.40.

ಆದರೆ ಅದನ್ನು ಹೋಲಿಸಬೇಕಾದದ್ದು ಷೇರಿನ ಬೆಲೆಗಲ್ಲ, ಸ್ಟಾಪ್‌ನ ದೂರಕ್ಕೆ. ಅವರ ಸ್ಟಾಪ್ ಬೆಲೆಯ 1% ದೂರದಲ್ಲಿತ್ತು, ಅಂದರೆ 5. ಹಾಗಾಗಿ ಖರ್ಚು 0.08 ಆರ್. ಗೆದ್ದರೂ ಸೋತರೂ ಪ್ರತಿ ಟ್ರೇಡ್‌ಗೂ ಇದು ಹೋಗುತ್ತದೆ. 50 ಟ್ರೇಡ್‌ಗೆ 4 ಆರ್. 7.5ರಲ್ಲಿ 4 ಕಳೆದರೆ 3.5. ಎಕ್ಸ್‌ಪೆಕ್ಟೆನ್ಸಿ 0.15ರಿಂದ 0.07ಕ್ಕೆ ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಖರ್ಚಿಗೇ ಹೋಯಿತು.

ಸ್ಟಾಪ್ ಹತ್ತಿರ ಇಟ್ಟಷ್ಟೂ ಇದು ಭಾರವಾಗುತ್ತದೆ. ಸ್ಟಾಪ್ 0.4% ದೂರ ಇದ್ದರೆ ಅದೇ ಖರ್ಚು 0.2 ಆರ್. ಆಗ ಇದೇ ಗೆಲುವು ಸೋಲುಗಳ ಪಟ್ಟಿ ಟ್ರೇಡ್‌ಗೆ 0.05 ಆರ್ ನಷ್ಟದಲ್ಲಿರುತ್ತಿತ್ತು. ದಿನಕ್ಕೆ ಹತ್ತಾರು ಸಣ್ಣ ಟ್ರೇಡ್ ಮಾಡುವವರು ಮೊದಲು ಹಾಕಬೇಕಾದ ಲೆಕ್ಕ ಇದು: ಖರ್ಚಿನ ಶೇಕಡಾವನ್ನು ಸ್ಟಾಪ್‌ನ ಶೇಕಡಾದಿಂದ ಭಾಗಿಸಿ. ಆ ಉತ್ತರ ನಿಮ್ಮ ಎಕ್ಸ್‌ಪೆಕ್ಟೆನ್ಸಿಗಿಂತ ಜಾಸ್ತಿ ಇದ್ದರೆ ಮುಂದಿನ ಯಾವ ಹಂತವೂ ಬೇಡ.

ಹಂತ 4ರ ಲೆಕ್ಕವನ್ನು ಖರ್ಚು ಕಳೆದು ಮತ್ತೆ ಮಾಡೋಣ. ಸರಾಸರಿ ಗೆಲುವು 1.73, ಸರಾಸರಿ ಸೋಲು 1.13, ರೇಶಿಯೋ 1.53. ಬ್ರೇಕ್ ಈವನ್ ವಿನ್ ರೇಟ್ 39.6%ಕ್ಕೆ ಏರಿತು. ಅಂದರೆ 50ರಲ್ಲಿ 19.8 ಗೆಲ್ಲಬೇಕು, ಗೆದ್ದದ್ದು 21. ಈಗ ಎರಡು ಟ್ರೇಡ್ ಆ ಕಡೆ ಈ ಕಡೆ ಆದರೂ ನಷ್ಟ.

ಹಂತ 6: ಇದು ಪದ್ಧತಿಯೋ, ಅದೃಷ್ಟವೋ?

ನಿಜವಾದ ವಿನ್ ರೇಟ್ 42% ಇರುವ ಪದ್ಧತಿಯಲ್ಲಿ 50 ಟ್ರೇಡ್‌ಗಳ ಸುತ್ತನ್ನು ಮತ್ತೆ ಮತ್ತೆ ಆಡಿದರೆ ಪ್ರತಿ ಸುತ್ತಿನಲ್ಲೂ ಸರಿಯಾಗಿ 21 ಗೆಲುವು ಬರುವುದಿಲ್ಲ. ಬರೀ ಅದೃಷ್ಟದಿಂದಲೇ ಎಷ್ಟು ಏರುಪೇರಾಗುತ್ತದೆ ಅನ್ನುವುದಕ್ಕೆ ಹಳೆಯ ಸೂತ್ರ ಇದೆ.

```
ಗೆಲುವುಗಳ ಏರುಪೇರು = √(50 × 0.42 × 0.58) = 3.5
```

ಸಾಮಾನ್ಯವಾಗಿ ಮೂರರಲ್ಲಿ ಎರಡು ಸಲ ಗೆಲುವುಗಳು 21ರಿಂದ ಸುಮಾರು 3.5 ಆಚೆ ಈಚೆ ಒಳಗೆ ಇರುತ್ತವೆ, ಉಳಿದ ಒಂದು ಸಲ ಇನ್ನೂ ದೂರ ಹೋಗುತ್ತವೆ. ನಮ್ಮ ಅಂತರ ಬರೀ 1.2 ಗೆಲುವು. ಅದೃಷ್ಟದ ತೂಗಾಟ 3.5 ಇರುವಾಗ 1.2ರ ಅಂತರ ಏನನ್ನೂ ಸಾಬೀತು ಮಾಡುವುದಿಲ್ಲ.

ಗೆಲುವುಗಳ ಗಾತ್ರವೂ ಏರುಪೇರಾಗುತ್ತದೆ. ಅದಕ್ಕೇ `STDEV` ಬೇಕಾದದ್ದು. ಈ ಪಟ್ಟಿಗೆ ಅದು 1.73 ಆರ್. ಇದರಿಂದ, ಎಷ್ಟು ಟ್ರೇಡ್ ಆದ ಮೇಲೆ ನಿಮ್ಮ ಎಕ್ಸ್‌ಪೆಕ್ಟೆನ್ಸಿಯನ್ನು ಸೊನ್ನೆಯಿಂದ ಬೇರೆ ಅಂತ ನಂಬಬಹುದು ಅನ್ನುವುದು ಗೊತ್ತಾಗುತ್ತದೆ.

```
ಬೇಕಾದ ಟ್ರೇಡ್‌ಗಳು ≈ (2 × STDEV ÷ ಎಕ್ಸ್‌ಪೆಕ್ಟೆನ್ಸಿ)²
```

0.07 ಆರ್‌ಗೆ ಸುಮಾರು 2,400 ಟ್ರೇಡ್ ಬೇಕು. 0.15 ಆರ್‌ಗೆ ಸುಮಾರು 530. 0.30 ಆರ್‌ಗೆ 130ರಷ್ಟು ಸಾಕು. ಎಕ್ಸ್‌ಪೆಕ್ಟೆನ್ಸಿ ಅರ್ಧವಾದರೆ ಬೇಕಾದ ಟ್ರೇಡ್ ನಾಲ್ಕು ಪಟ್ಟಾಗುತ್ತದೆ. ವರ್ಷಕ್ಕೆ 200 ಟ್ರೇಡ್ ಮಾಡುವವರಿಗೆ 2,400 ಅಂದರೆ 12 ವರ್ಷ. ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಗಿರುತ್ತದೆ. ಹಾಗಾಗಿ ತೆಳು ಅಂತರದ ಪದ್ಧತಿಯ ನಿಜವಾದ ತೊಂದರೆ ಲಾಭ ಕಡಿಮೆ ಅನ್ನೋದಲ್ಲ. ಅದು ಕೆಲಸ ಮಾಡುತ್ತಿದೆಯೋ ಕೆಟ್ಟಿದೆಯೋ ಅಂತ ನಿಮಗೆ ಸಕಾಲಕ್ಕೆ ತಿಳಿಯುವುದೇ ಇಲ್ಲ.

ಇನ್ನೊಂದು ಸಣ್ಣ ಪರೀಕ್ಷೆ, ಎರಡು ನಿಮಿಷದ್ದು. ಪಟ್ಟಿಯ ಅತಿ ದೊಡ್ಡ ಗೆಲುವನ್ನು ತೆಗೆದು ನೋಡಿ. ಇಲ್ಲಿ ಅದು 7 ಆರ್‌ನ ಟ್ರೇಡ್. ಖರ್ಚು ಕಳೆದ 3.5 ಆರ್ ಲಾಭದಲ್ಲಿ ಅದನ್ನು ತೆಗೆದರೆ ಉಳಿದ 49 ಟ್ರೇಡ್ ಸೇರಿ ಸುಮಾರು 3.4 ಆರ್ ನಷ್ಟದಲ್ಲಿವೆ. ಆ ಟ್ರೇಡ್ ಹೇಗೆ ಬಂತು ಅಂತ ಕೇಳಿದೆ. ಟಾರ್ಗೆಟ್ ಆರ್ಡರ್ ಹಾಕುವುದನ್ನೇ ಆ ದಿನ ಮರೆತಿದ್ದರಂತೆ, ಬೆಲೆ ಮೇಲೆ ಮೇಲೆ ಹೋಗಿತ್ತು. ಅಂದರೆ ಇಡೀ ಪಟ್ಟಿಯನ್ನು ಎತ್ತಿ ಹಿಡಿದ ಟ್ರೇಡ್ ಅವರ ನಿಯಮದ ಪ್ರಕಾರ ನಡೆದದ್ದೇ ಅಲ್ಲ. ಟ್ರೆಂಡ್ ಹಿಂದೆ ಹೋಗುವ ಪದ್ಧತಿಗಳಲ್ಲಿ ದೊಡ್ಡ ಗೆಲುವುಗಳೇ ಲಾಭದ ಮೂಲ, ಅಲ್ಲಿ ಅವನ್ನು ತೆಗೆದು ನೋಡಿ ಹೆದರಬೇಕಿಲ್ಲ. ಆದರೆ 2 ಆರ್‌ಗೆ ಹೊರಬರುವ ನಿಯಮ ಇಟ್ಟುಕೊಂಡವರ ಪಟ್ಟಿಯಲ್ಲಿ 7 ಆರ್ ಇದ್ದರೆ ಅದು ಮುಂದಿನ 50ರಲ್ಲಿ ಮತ್ತೆ ಬರುತ್ತದೆ ಅಂತ ನಂಬಲು ಕಾರಣ ಇಲ್ಲ.

ಹಂತ 7: ಎಕ್ಸ್‌ಪೆಕ್ಟೆನ್ಸಿ ಪ್ಲಸ್ ಇದ್ದರೂ ದುಡ್ಡು ಕರಗಬಹುದು

0.07 ಆರ್ ನಿಜ ಅಂತಲೇ ಒಪ್ಪಿಕೊಳ್ಳೋಣ. ಆಗಲೂ ಒಂದು ಟ್ರೇಡ್‌ಗೆ ಬಂಡವಾಳದ ಎಷ್ಟು ಭಾಗ ರಿಸ್ಕ್ ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಷ್ಟ ಆದ ಮೇಲೆ ಅದನ್ನು ತುಂಬಿಕೊಳ್ಳಲು ಅದಕ್ಕಿಂತ ಜಾಸ್ತಿ ಶೇಕಡಾ ಲಾಭ ಬೇಕು. 10% ಹೋದರೆ 11%, 50% ಹೋದರೆ 100%. ಏರುಪೇರು ಜಾಸ್ತಿ ಆದಷ್ಟೂ ಈ ಸೋರಿಕೆ ಜಾಸ್ತಿ. ಬಂಡವಾಳದ ಭಾಗವಾಗಿ ರಿಸ್ಕ್ ಮಾಡುತ್ತಾ ಹೋಗುವವರಿಗೆ ಒಂದು ಟ್ರೇಡ್‌ನ ಬೆಳವಣಿಗೆ ಅಂದಾಜು ಹೀಗಿರುತ್ತದೆ.

```
ಬೆಳವಣಿಗೆ ≈ (ರಿಸ್ಕ್ × ಎಕ್ಸ್‌ಪೆಕ್ಟೆನ್ಸಿ) − (ರಿಸ್ಕ್² × STDEV² ÷ 2)
```

ರಿಸ್ಕ್ 1% ಇದ್ದರೆ ಮೊದಲ ಭಾಗ 0.07%, ಎರಡನೆಯ ಭಾಗ 0.015%. ಉಳಿಯುವುದು 0.055%. ವರ್ಷಕ್ಕೆ 200 ಟ್ರೇಡ್ ಅಂದರೆ ಸುಮಾರು 11%. ಈಗ ಅದೇ ಪದ್ಧತಿಯನ್ನು 5% ರಿಸ್ಕ್‌ನಲ್ಲಿ ನಡೆಸಿ. ಮೊದಲ ಭಾಗ 0.35%, ಎರಡನೆಯ ಭಾಗ 0.37%. ಬೆಳವಣಿಗೆ ಸೊನ್ನೆಗಿಂತ ಕೆಳಗೆ. ಎಕ್ಸ್‌ಪೆಕ್ಟೆನ್ಸಿ ಪ್ಲಸ್, ಪ್ರತಿ ನಿಯಮವೂ ಪಾಲನೆಯಾಗಿದೆ, ಆದರೂ ಬಂಡವಾಳ ನಿಧಾನವಾಗಿ ಕರಗುತ್ತದೆ. ಈ ಪಟ್ಟಿಗೆ ಬೆಳವಣಿಗೆ ಅತಿ ಹೆಚ್ಚು ಇರುವುದು 2.3% ರಿಸ್ಕ್‌ನ ಆಸುಪಾಸು. ಎಕ್ಸ್‌ಪೆಕ್ಟೆನ್ಸಿಯನ್ನು STDEVನ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಅದು ದಾಟಬಾರದ ಗೆರೆ, ಮುಟ್ಟಬೇಕಾದ ಗುರಿಯಲ್ಲ. ಯಾಕೆಂದರೆ 0.07 ಅನ್ನುವುದೇ ಇನ್ನೂ ಗಟ್ಟಿಯಾಗಿಲ್ಲ.

ಸತತ ಸೋಲುಗಳ ಲೆಕ್ಕವೂ ಇದೇ ಮಾತು ಹೇಳುತ್ತದೆ. 58% ಸೋಲುವ ಪದ್ಧತಿಯಲ್ಲಿ 200 ಟ್ರೇಡ್‌ಗಳ ಒಳಗೆ ಒಂದರ ಹಿಂದೆ ಒಂದು 8 ಸೋಲು ಬರುವುದು ಮಾಮೂಲಿ. 1% ರಿಸ್ಕ್‌ನಲ್ಲಿ ಅದು ಸುಮಾರು 9% ಇಳಿತ. 5% ರಿಸ್ಕ್‌ನಲ್ಲಿ 37%, ತುಂಬಿಕೊಳ್ಳಲು 59% ಲಾಭ ಬೇಕು. ಇಡೀ ವರ್ಷವೇ ನಷ್ಟದಲ್ಲಿ ಮುಗಿಯುವುದೂ ಅಪರೂಪವಲ್ಲ. 200 ಟ್ರೇಡ್‌ಗೆ ನಿರೀಕ್ಷೆ 14 ಆರ್, ಏರುಪೇರು 24 ಆರ್‌ಗಿಂತ ಸ್ವಲ್ಪ ಜಾಸ್ತಿ. ನಾಲ್ಕು ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ನಷ್ಟದ ವರ್ಷ ಆಗಬಹುದು, ಪದ್ಧತಿಯಲ್ಲಿ ಏನೂ ಕೆಡದೆಯೇ. ಇದರ ಮೇಲೆ ಮನೆ ನಡೆಸಲು ಆಗುವುದಿಲ್ಲ ಅಂತ ನಾನು ಅವರಿಗೆ ನೇರವಾಗಿಯೇ ಹೇಳಿದೆ.

ಹಂತ 8: ಎಲ್ಲಿ ಸರಿಪಡಿಸಬಹುದು, ಯಾವಾಗ ನಿಲ್ಲಿಸಬೇಕು

ಪಟ್ಟಿಯನ್ನು ಮತ್ತೆ ಬಿಡಿಸಿದೆವು. 1.3 ಆರ್‌ನ 4 ನಷ್ಟಗಳು ಗ್ಯಾಪ್‌ನಿಂದ ಆದವಲ್ಲ. ಸ್ಟಾಪ್ ಅನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಬೆಲೆ ಮುಟ್ಟಿದ ಮೇಲೆ ಕೈಯಿಂದ ಮಾರಲು ಹೋಗಿ ತಡವಾದವು. ಸ್ಟಾಪ್ ಆರ್ಡರ್ ಮೊದಲೇ ಹಾಕಿದ್ದರೆ ಸುಮಾರು 1.2 ಆರ್ ಉಳಿಯುತ್ತಿತ್ತು. 2.5 ಆರ್‌ನ ನಷ್ಟ ರಾತ್ರಿ ಕಳೆದು ಹಿಡಿದಿಟ್ಟ ಟ್ರೇಡ್‌ನದು. ಅದನ್ನು ಪೂರ್ತಿ ತಪ್ಪಿಸಲು ಆಗದು, ಆದರೆ ರಾತ್ರಿ ಹಿಡಿಯುವ ಟ್ರೇಡ್‌ನ ಗಾತ್ರ ಅರ್ಧ ಮಾಡಬಹುದು. ಈ ಎರಡು ತಿದ್ದುಪಡಿಗಳು ವಿನ್ ರೇಟನ್ನು ಮುಟ್ಟುವುದಿಲ್ಲ, ಅದಕ್ಕೇ ಇವನ್ನು ಮೊದಲು ಮಾಡಬೇಕು.

0.5 ಆರ್‌ಗೆ ಮುಗಿಸಿದ 5 ಟ್ರೇಡ್‌ಗಳ ವಿಷಯ ಬೇರೆ. "ಅವನ್ನೂ 2 ಆರ್‌ವರೆಗೆ ಹಿಡಿದಿದ್ದರೆ" ಅಂತ ಲೆಕ್ಕ ಹಾಕುವುದು ಸುಲಭ, ಆದರೆ ಅದರಲ್ಲಿ ಕೆಲವು ಖಂಡಿತ ಸ್ಟಾಪ್‌ಗೆ ಬಂದಿರುತ್ತಿದ್ದವು. ಹಾಗಾಗಿ ಚಾರ್ಟ್ ತೆರೆದು ಒಂದೊಂದನ್ನೂ ಮುಂದೆ ಏನಾಯಿತು ಅಂತ ನೋಡಿದೆವು. ಎರಡು ಟಾರ್ಗೆಟ್ ಮುಟ್ಟಿದ್ದವು, ಮೂರು ಸ್ಟಾಪ್‌ಗೆ ಬಂದಿದ್ದವು. ಹಿಡಿದಿದ್ದರೆ 4 ಬಂದು 3 ಹೋಗುತ್ತಿತ್ತು, ಅಂದರೆ 1 ಆರ್. ಹೆದರಿ ಮಾರಿದ್ದರಿಂದ ಸಿಕ್ಕಿದ್ದು 2.5 ಆರ್. ಈ ಐದರಲ್ಲಿ ಹೆದರಿಕೆಯೇ ಕೈ ಹಿಡಿದಿತ್ತು. ಐದೇ ಟ್ರೇಡ್‌ನಿಂದ ಯಾವ ನಿಯಮವನ್ನೂ ಮಾಡಲಾಗದು, ಆದರೆ "ಲಾಭವನ್ನು ಓಡಲು ಬಿಡಬೇಕಿತ್ತು" ಅನ್ನುವ ಅವರ ಕೊರಗಿಗೆ ಪಟ್ಟಿಯಲ್ಲಿ ಆಧಾರ ಇರಲಿಲ್ಲ.

50 ಟ್ರೇಡ್ ಸಾಲದು ಅನ್ನುವ ಕೊರತೆಗೆ ಒಂದೇ ಪರಿಹಾರ, ಜಾಸ್ತಿ ಟ್ರೇಡ್‌ಗಳು. ನಿಯಮಗಳು ಸ್ಪಷ್ಟವಾಗಿದ್ದರೆ ಹಳೆಯ ಬೆಲೆಗಳ ಮೇಲೆ ಬ್ಯಾಕ್‌ಟೆಸ್ಟ್ ಮಾಡಿ 500 ಟ್ರೇಡ್ ಬೇಗ ಸಿಗುತ್ತವೆ. ಆದರೆ ಅದರಲ್ಲಿ ಖರ್ಚು ಸೇರಿಸಿರಬೇಕು. ಫಲಿತಾಂಶ ನೋಡಿ ನಿಯಮ ತಿದ್ದಿ, ಅದೇ ಬೆಲೆಗಳ ಮೇಲೆ ಮತ್ತೆ ಓಡಿಸಬಾರದು. ತಿದ್ದಿದ ಮೇಲೆ ಮುಟ್ಟದೇ ಇಟ್ಟ ಬೇರೆ ಅವಧಿಯ ಬೆಲೆಗಳು ಬೇಕು.

ಕೊನೆಗೆ ಗೆಳೆಯರು ಹಾಳೆಯ ಮೇಲೆ ಬರೆದುಕೊಂಡದ್ದು ಇಷ್ಟು. ಮುಂದಿನ 100 ಟ್ರೇಡ್, ಪ್ರತಿಯೊಂದಕ್ಕೂ 0.5% ರಿಸ್ಕ್, ಸ್ಟಾಪ್ ಆರ್ಡರ್ ಎಂಟ್ರಿ ಜೊತೆಗೇ. 100 ಟ್ರೇಡ್‌ಗೆ ನಿರೀಕ್ಷೆ 7 ಆರ್, ಏರುಪೇರು 17 ಆರ್. ಒಟ್ಟು ಫಲಿತಾಂಶ ಮೈನಸ್ 28 ಆರ್ ಮುಟ್ಟಿದರೆ, ನಿರೀಕ್ಷೆಯಿಂದ ಎರಡು ಏರುಪೇರಿನಷ್ಟು ಕೆಳಗೆ ಬಿದ್ದ ಹಾಗೆ. 0.07 ಆರ್ ಅನ್ನುವ ಅಂದಾಜು ತಪ್ಪಾಗಿತ್ತು ಅಂತ ತಿಳಿದು ಆಗಲೇ ನಿಲ್ಲಿಸುವುದು. 0.5% ರಿಸ್ಕ್‌ನಲ್ಲಿ ಅದು ಬಂಡವಾಳದ ಸುಮಾರು 14%. ಅಷ್ಟು ಹೋದರೂ ಪರವಾಗಿಲ್ಲವೇ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 0.5 ಅನ್ನು ಹೊಡೆದು ಹಾಕಿ 0.3 ಅಂತ ಬರೆದರು.